ಸತ್ತಿದ್ದಾರೋ, ಸತ್ತಿದೆಯೋ: ಒಂದು ಒಗಟು ಕನ್ನಡಕ್ಕೆ ಬಂದಾಗ ಏನಾಯ್ತು

ಇದು ಸಾಗರ ತಾಲ್ಲೂಕಿನ ಒಂದು ಮನೆಯ ಜಗುಲಿಯಲ್ಲಿ, ಆಷಾಢದ ಮಳೆಯಲ್ಲಿ, ಮೂರು ದಿನ ನಡೆದ ಒಂದು ಆಟದ ಕಥೆ. ಊರಿನ ಹೆಸರು ಹೇಳುವುದಿಲ್ಲ. ಮಕ್ಕಳ ಹೆಸರುಗಳನ್ನು ಬದಲಾಯಿಸಿದ್ದೇನೆ. ತಪ್ಪು ಮಾಡಿದವನು ನಾನೇ ಆದ್ದರಿಂದ ನನ್ನ ಹೆಸರೂ ಬೇಡ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವನು ಅಂತಷ್ಟೇ ಇಟ್ಟುಕೊಳ್ಳಿ.

ಹಿನ್ನೆಲೆ

ಸ್ನೇಹಿತನ ಮನೆಗೆ ಹೋಗಿದ್ದೆ. ಅವನ ಅಣ್ಣನ ಮಕ್ಕಳು, ಅವರ ಜೊತೆಯವರು ಅಂತ ಶಿವಮೊಗ್ಗದಿಂದ 4 ಮಕ್ಕಳು ಬಂದಿದ್ದರು. ಭಾನುವಾರ ಸಂಜೆ ವಾಪಸ್ ಹೋಗಬೇಕಿತ್ತು. ಅಷ್ಟರಲ್ಲಿ ಮಳೆಗೆ ಶಾಲೆಗಳಿಗೆ ರಜೆ ಕೊಟ್ಟರು. ಕರೆಂಟು ಹೋಯಿತು, ಮೊಬೈಲುಗಳು ಒಂದೊಂದಾಗಿ ಸತ್ತವು. ಒಲೆಯ ಕೆಂಡದಲ್ಲಿ ಹಲಸಿನ ಹಪ್ಪಳ ಸುಟ್ಟು ತಿನ್ನುತ್ತಾ ಎಷ್ಟು ಹೊತ್ತು ಕೂರೋದು? ‘ಸರ್, ಒಗಟು ಹೇಳಿ’ ಅಂತ ಶುರುವಾಯಿತು.

ಮೊದಲು ನಮ್ಮ ಒಗಟುಗಳೇ ಬಂದವು. ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ, ಏನು? ಮಲ್ಲಿಗೆ. ಇಂಥ ಒಗಟಿನಲ್ಲಿ ಒಂದು ವಸ್ತುವಿಗೆ ಇನ್ನೊಂದು ವಸ್ತುವಿನ ವೇಷ ಹಾಕಿರುತ್ತಾರೆ. ಕೇಳುವವನಿಗೂ ಅದು ವೇಷ ಅಂತ ಗೊತ್ತಿರುತ್ತದೆ. ಗಿಡದ ಮೇಲೆ ಯಾರೋ ನಿಜವಾಗಿ ಮೊಸರು ಚೆಲ್ಲಿದ್ದಾರೆ ಅಂತ ಯಾವ ಮಗುವೂ ಅಂದುಕೊಳ್ಳುವುದಿಲ್ಲ.

ನನಗೆ ಇಷ್ಟವಾದದ್ದು ಬೇರೆ ಜಾತಿಯದು. ಅದರಲ್ಲಿ ವೇಷ ಇಲ್ಲ. ಹೇಳಿದ ಪ್ರತಿ ಮಾತೂ ಇದ್ದದ್ದು ಇದ್ದ ಹಾಗೇ ನಿಜ. ಆದರೆ ಹೇಳದೆ ಬಿಟ್ಟ ಜಾಗವನ್ನು ಕೇಳುವವನು ತಾನೇ ತುಂಬಿಕೊಳ್ಳುತ್ತಾನೆ, ತುಂಬಿಕೊಂಡೆ ಅನ್ನೋದೇ ಅವನಿಗೆ ಗೊತ್ತಾಗುವುದಿಲ್ಲ. ಮಾಲ್ಟಾದ ವೈದ್ಯ ಎಡ್ವರ್ಡ್ ಡಿ ಬೋನೊ 1967ರಲ್ಲಿ ‘ಲ್ಯಾಟರಲ್ ಥಿಂಕಿಂಗ್’ ಅನ್ನೋ ಪದ ಬಳಕೆಗೆ ತಂದರು. ಹಿಡಿದ ದಾರಿಯಲ್ಲೇ ಇನ್ನಷ್ಟು ಮುಂದೆ ಹೋಗುವ ಬದಲು ಪಕ್ಕಕ್ಕೆ ಸರಿದು ನೋಡುವುದು ಅಂತ ಅರ್ಥ. ಈ ಕಥೆ-ಒಗಟುಗಳಿಗೂ ಆ ಹೆಸರು ಅಂಟಿಕೊಂಡಿದೆ. ಆಟದ ನಿಯಮ ಸುಲಭ. ಒಬ್ಬರು ವಿಚಿತ್ರವಾದ ಒಂದು ಸನ್ನಿವೇಶ ಹೇಳುತ್ತಾರೆ. ಉಳಿದವರು ಪ್ರಶ್ನೆ ಕೇಳುತ್ತಾ ಹೋಗಬೇಕು. ಹೇಳಿದವರು ಕೊಡಬಹುದಾದ ಉತ್ತರ ಮೂರೇ: ಹೌದು, ಇಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಬಿಸಿ ಏರಿಸಲು ಚಿಕ್ಕದೊಂದು ಹೇಳಿದೆ. ‘ಆಗುಂಬೆಯಲ್ಲಿ ಜೋರು ಮಳೆ. ಒಬ್ಬ ಛತ್ರಿ ಇಲ್ಲದೆ, ಕಂಬಳಿಕೊಪ್ಪೆ ಇಲ್ಲದೆ, ರಸ್ತೆಯಲ್ಲಿ ಒಂದು ಗಂಟೆ ನಡೆದ. ತಲೆಯ ಒಂದು ಕೂದಲೂ ನೆನೆಯಲಿಲ್ಲ. ಹೇಗೆ?’ ಬೊಕ್ಕತಲೆ ಅಂತ ಎರಡೇ ನಿಮಿಷದಲ್ಲಿ ಹೇಳಿದರು. ಮಕ್ಕಳು ಚುರುಕಾಗಿದ್ದಾರೆ ಅಂತ ಖುಷಿಯಾಗಿ ದೊಡ್ಡದಕ್ಕೆ ಕೈಹಾಕಿದೆ.

ಮೊದಲ ರಾತ್ರಿ

ಇಂಗ್ಲಿಷಿನಲ್ಲಿ ಬಹಳ ಹಳೆಯ ಒಂದು ಒಗಟಿದೆ. ರೋಮಿಯೋ, ಜೂಲಿಯೆಟ್ ನೆಲದ ಮೇಲೆ ಸತ್ತು ಬಿದ್ದಿದ್ದಾರೆ, ಪಕ್ಕದಲ್ಲಿ ಒಡೆದ ಗಾಜು, ನೀರು. ಏನಾಯ್ತು? ಅವೆರಡೂ ಸಾಕಿದ ಮೀನುಗಳು. ಗಾಜಿನ ತೊಟ್ಟಿ ಕೆಳಗೆ ಬಿದ್ದು ಒಡೆದಿದೆ. ಅಷ್ಟೇ.

ನಾನು ಹೆಸರು ಬದಲಾಯಿಸಿ ಕನ್ನಡದಲ್ಲಿ ಹೇಳಿದೆ. ‘ಕೋಣೆಯ ಬಾಗಿಲು ಮುಚ್ಚಿದೆ, ಕಿಟಕಿ ತೆರೆದಿದೆ. ಒಳಗೆ ನಳ, ದಮಯಂತಿ ಇಬ್ಬರೂ ನೆಲದ ಮೇಲೆ ಸತ್ತು ಬಿದ್ದಿದ್ದಾರೆ. ಮೈಮೇಲೆ ಒಂದು ಗಾಯವೂ ಇಲ್ಲ. ಪಕ್ಕದಲ್ಲಿ ಒಡೆದ ಗಾಜು, ಸುತ್ತ ನೀರು. ಏನಾಯ್ತು?’

ನಾಲ್ಕು ಮಕ್ಕಳು ಮುಕ್ಕಾಲು ಗಂಟೆ ಒದ್ದಾಡಿದರು. ವಿಷ, ಕರೆಂಟ್ ಶಾಕ್, ಹಾವು, ಸಿಡಿಲು ಎಲ್ಲ ಬಂತು. ನಾನು ‘ಇಲ್ಲ, ಇಲ್ಲ’ ಅನ್ನುತ್ತಾ ಹೋದೆ. ‘ನೀವು ಏನನ್ನೋ ಸುಮ್ನೆ ಅಂದುಕೊಂಡಿದ್ದೀರಿ, ಅದನ್ನ ಬಿಟ್ಟು ಯೋಚಿಸಿ’ ಅಂತ ನಾಲ್ಕೈದು ಸಲ ಹೇಳಿದೆ. ಏನೂ ಉಪಯೋಗವಾಗಲಿಲ್ಲ. ಕೊನೆಗೆ ಉತ್ತರ ಹೇಳಿಬಿಟ್ಟೆ.

ಸಾಮಾನ್ಯವಾಗಿ ಆಗ ಎಲ್ಲರೂ ‘ಅಯ್ಯೋ!’ ಅಂತ ಹಣೆ ಬಡಿದುಕೊಂಡು ನಗುತ್ತಾರೆ. ಇಲ್ಲಿ ಯಾರೂ ನಗಲಿಲ್ಲ. ಒಂಬತ್ತನೇ ಕ್ಲಾಸಿನ ಸುಮಾ ಹಪ್ಪಳ ಕೆಳಗಿಟ್ಟು ಹೇಳಿದಳು:

‘ಸರ್, ಇದು ಮೋಸ. ನೀವು ಇಬ್ಬರೂ ಅಂದ್ರಿ. ಸತ್ತು ಬಿದ್ದಿದ್ದಾರೆ ಅಂದ್ರಿ. ಮೀನಾದ್ರೆ ಎರಡೂ ಸತ್ತು ಬಿದ್ದಿವೆ ಅನ್ಬೇಕಿತ್ತಲ್ವಾ? ನಾವು ಮನುಷ್ಯರು ಅಂತ ಅಂದುಕೊಂಡಿದ್ದಲ್ಲ. ನೀವೇ ಹೇಳಿದ್ದು.’

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಹೇಳಿದ್ದು ಪೂರ್ತಿ ಸರಿ.

ತೊಂದರೆ ಎಲ್ಲಿತ್ತು

ಆ ರಾತ್ರಿ ಹಂಚಿನ ಮೇಲೆ ಬೀಳುವ ಮಳೆ ಕೇಳುತ್ತಾ ಅದನ್ನೇ ಯೋಚಿಸಿದೆ. ಇಂಗ್ಲಿಷಿನಲ್ಲಿ ‘ಸತ್ತು ಬಿದ್ದಿದ್ದಾರೆ’ ಅನ್ನೋದಕ್ಕೂ ‘ಸತ್ತು ಬಿದ್ದಿವೆ’ ಅನ್ನೋದಕ್ಕೂ ಕ್ರಿಯಾಪದ ಒಂದೇ. ಇಬ್ಬರು, ಎರಡು ಅನ್ನೋದಕ್ಕೂ ಒಂದೇ ಪದ. ಹಾಗಾಗಿ ಅಲ್ಲಿ ಒಗಟು ಹೇಳುವವನು ಸುಳ್ಳು ಹೇಳದೆ ಸುಮ್ಮನಿರಬಹುದು. ಮನುಷ್ಯರು ಅನ್ನೋದನ್ನು ಕೇಳುವವನೇ ಸೇರಿಸಿಕೊಳ್ಳುತ್ತಾನೆ.

ಕನ್ನಡ ಹಾಗೆ ಸುಮ್ಮನಿರಲು ಬಿಡುವುದಿಲ್ಲ. ಕ್ರಿಯಾಪದದ ಬಾಲದಲ್ಲೇ ಗಂಡೋ, ಹೆಣ್ಣೋ, ಪ್ರಾಣಿಯೋ, ಒಂದೋ, ಹಲವೋ ಅನ್ನೋದು ಇರುತ್ತದೆ. ಬಂದನು, ಬಂದಳು, ಬಂತು, ಬಂದರು, ಬಂದವು. ಎಣಿಸುವ ಪದದಲ್ಲೂ ಹಾಗೇ. ಜನ ಆದರೆ ಇಬ್ಬರು, ಮೀನಾದರೆ ಎರಡು. ಇಡೀ ಒಗಟು ನಿಂತಿದ್ದೇ ಆ ಒಂದು ಸಂಗತಿಯ ಮೇಲೆ. ಅದನ್ನೇ ನಾನು ಎರಡು ಸಲ ತಪ್ಪಾಗಿ ಹೇಳಿದ್ದೆ, ಮಕ್ಕಳಿಗೆ ‘ಏನೋ ಅಂದುಕೊಂಡಿದ್ದೀರಿ’ ಅಂತ ಬುದ್ಧಿ ಬೇರೆ ಹೇಳಿದ್ದೆ.

ಈ ಒಗಟುಗಳಲ್ಲಿ ಒಂದು ಗೆರೆ ಇದೆ. ಹೇಳದೆ ಬಿಡಬಹುದು, ಸುಳ್ಳು ಹೇಳಬಾರದು. ಆ ಗೆರೆ ದಾಟಿದರೆ ಉತ್ತರ ಕೇಳಿದವರಿಗೆ ಬೆರಗಾಗುವುದಿಲ್ಲ, ಸಿಟ್ಟು ಬರುತ್ತದೆ. ಜಗುಲಿಯಲ್ಲಿ ಆದದ್ದು ಅದೇ. ಉತ್ತರ ಹೇಳಿದಾಗ ನಗು ಬರದೆ ಜಗಳ ಬಂದರೆ ಮಕ್ಕಳನ್ನಲ್ಲ, ಮೊದಲು ಒಗಟಿನ ಒಂದೊಂದು ಪದವನ್ನು ಹಿಡಿದು ನೋಡಬೇಕು.

ಎರಡನೇ ಪ್ರಯತ್ನ: ಸತ್ತು ಬಿದ್ದಿದೆ

ಉತ್ತರ ಗೊತ್ತಾದ ಮಕ್ಕಳ ಮೇಲೆ ಅದೇ ಒಗಟು ನಡೆಯುವುದಿಲ್ಲ. ಮರುದಿನ ಮಧ್ಯಾಹ್ನ ಇನ್ನಿಬ್ಬರು ಸಿಕ್ಕರು. ಒಬ್ಬ ತೀರ್ಥಹಳ್ಳಿ ಪೇಟೆಯಿಂದ ಅಜ್ಜಿ ಮನೆಗೆ ಬಂದ ರವಿ. ಇನ್ನೊಬ್ಬ ಪಕ್ಕದ ಹವ್ಯಕರ ಮನೆಯ ಏಳನೇ ಕ್ಲಾಸಿನ ಹುಡುಗ. ಅವನನ್ನು ಮನೆಯಲ್ಲಿ ಎಲ್ಲರೂ ಮಾಣಿ ಅನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಹಿಂದಿನ ರಾತ್ರಿಯ ನಾಲ್ವರಿಗೂ ಬಾಯಿ ಬಿಡಬಾರದು ಅಂತ ಕಟ್ಟುನಿಟ್ಟು ಮಾಡಿದೆ.

ಈ ಸಲ ನಳನನ್ನು ಕೈಬಿಟ್ಟೆ. ‘ಇಬ್ಬರು, ಎರಡು’ ರಗಳೆ ಹೋಯಿತು. ದಮಯಂತಿ ಬದಲು ಗೌರಿ ಅಂತ ಇಡೋಣ ಅಂದುಕೊಂಡಿದ್ದೆ. ಆದರೆ ಮಲೆನಾಡಿನಲ್ಲಿ ಗೌರಿ ಅಂದ ಕೂಡಲೇ ಮಕ್ಕಳು ಕೊಟ್ಟಿಗೆ ಕಡೆ ನೋಡುತ್ತಾರೆ. ಪ್ರತಿ ಎರಡನೇ ಮನೆಯ ದನಕ್ಕೆ ಅದೇ ಹೆಸರು. ದಮಯಂತಿಯೇ ಇರಲಿ ಅಂತ ಬಿಟ್ಟೆ. ಸುಳ್ಳು ಬರಬಾರದು ಅಂತ ವ್ಯಾಕರಣದ ಪ್ರಕಾರವೇ ಹೇಳಿದೆ: ‘ನೆಲದ ಮೇಲೆ ದಮಯಂತಿ ಸತ್ತು ಬಿದ್ದಿದೆ.’

ರವಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ‘ಬಿದ್ದಿದೆ ಅಂದ್ರೆ ಪ್ರಾಣಿ. ನೀರು, ಗಾಜು ಇದೆ. ಮೀನು.’ ಹತ್ತು ಸೆಕೆಂಡೂ ಆಗಿರಲಿಲ್ಲ. ಮೊದಲ ಸಲ ಕನ್ನಡ ನನ್ನಿಂದ ಸುಳ್ಳು ಹೇಳಿಸಿತ್ತು, ಈ ಸಲ ಗುಟ್ಟು ಬಿಡಿಸಿತು.

ಮಾಣಿ ಮಾತ್ರ ಮುಖ ಗಂಟಿಕ್ಕಿಕೊಂಡು ಕೂತಿದ್ದ. ‘ಅದು ಹ್ಯಾಂಗೆ ಗೊತ್ತಾತು ನಿಂಗೆ?’ ಅಂತ ರವಿಯನ್ನು ಕೇಳಿದ. ರವಿ ‘ಬಿದ್ದಿದೆ ಅಂದ್ರಲ್ಲ, ಹುಡುಗಿ ಆದ್ರೆ ಬಿದ್ದಿದಾಳೆ ಅಂತಿದ್ರು’ ಅಂದ. ಮಾಣಿ ಅದಕ್ಕೆ, ‘ನಮ್ಮನೇಲಿ ಅಕ್ಕ ಬಂತು ಅಂತ್ಲೇ ಹೇಳೋದು’ ಅಂದ.

ಅವನು ಹೇಳಿದ್ದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಹವ್ಯಕರ ಮನೆಮಾತಿನಲ್ಲಿ ಹೆಂಗಸರಿಗೂ ಬಂತು, ಹೋತು ಅನ್ನುವುದೇ ರೂಢಿ. ಅದರಲ್ಲಿ ಅಗೌರವ ಏನೂ ಇಲ್ಲ. ಎಷ್ಟೋ ವರ್ಷದಿಂದ ಕೇಳುತ್ತಾ ಬಂದಿದ್ದೇನೆ. ಆದರೆ ಆ ಕ್ಷಣದವರೆಗೆ ಅದನ್ನು ಒಗಟಿನ ಜೊತೆ ಇಟ್ಟು ನೋಡಿರಲಿಲ್ಲ. ರವಿಯ ಕಿವಿಗೆ ಬಿದ್ದ ‘ಬಿದ್ದಿದೆ’ ಮನುಷ್ಯರಲ್ಲ ಅಂತ ಕೂಗಿ ಹೇಳಿತು. ಮಾಣಿಯ ಕಿವಿಗೆ ಅದೇ ‘ಬಿದ್ದಿದೆ’ ಏನನ್ನೂ ಹೇಳಲಿಲ್ಲ. ಅವನು ಯಾರೋ ಹುಡುಗಿ ವಿಷದ ನೀರು ಕುಡಿದಿರಬೇಕು ಅಂತ ಯೋಚಿಸುತ್ತಿದ್ದನಂತೆ. ಒಂದೇ ವಾಕ್ಯ, ಒಂದೇ ಚಾಪೆ, ಪಕ್ಕಪಕ್ಕ ಕೂತ ಇಬ್ಬರು. ಒಬ್ಬನಿಗೆ ಅದು ಒಗಟೇ ಅಲ್ಲ. ಇನ್ನೊಬ್ಬನಿಗೆ ಇಂಗ್ಲಿಷಿನಲ್ಲಿ ಇರುವಷ್ಟೇ ಒಳ್ಳೆ ಒಗಟು.

ಅಲ್ಲಿಯವರೆಗೆ ಒಗಟಿನ ಬಲೆ ಕಥೆಯೊಳಗೆ ಇರುತ್ತದೆ ಅಂತ ನಾನು ನಂಬಿದ್ದೆ. ಅದರಲ್ಲಿ ಅರ್ಧ ಕೇಳುವವನ ಮನೆಯಿಂದ ಬರುತ್ತದೆ.

ಮೂರನೇ ಪ್ರಯತ್ನ: ಸತ್ತು ಬಿದ್ದ ದಮಯಂತಿ

ಎಲ್ಲರ ಕಿವಿಗೂ ಒಂದೇ ಥರ ಕೇಳುವ ಹಾಗೆ ಹೇಳಲು ಆಗುತ್ತದಾ? ಸುಮಾಳನ್ನೇ ಜೊತೆಗೆ ಕೂರಿಸಿಕೊಂಡೆ. ತಪ್ಪು ಹಿಡಿದವಳೇ ರಿಪೇರಿಗೂ ಬರಲಿ ಅಂತ. ಬಾಲ ಬಿಟ್ಟು ಕ್ರಿಯಾಪದ ಹೇಗೆ ಹೇಳೋದು ಅಂತ ಇಬ್ಬರೂ ಹತ್ತಾರು ವಾಕ್ಯ ಬರೆದು ಹೊಡೆದುಹಾಕಿದೆವು. ದಾರಿ ಕಂಡದ್ದು ಅವಳಿಗೇ. ಕ್ರಿಯಾಪದವನ್ನು ವಾಕ್ಯದ ಕೊನೆಯಿಂದ ಕಿತ್ತು ಹೆಸರಿನ ಮುಂದೆ ಇಟ್ಟಳು. ‘ದಮಯಂತಿ ಸತ್ತು ಬಿದ್ದಿದೆ’ ಅಲ್ಲ, ‘ಸತ್ತು ಬಿದ್ದ ದಮಯಂತಿ.’ ಸತ್ತ ಹುಡುಗ, ಸತ್ತ ಹುಡುಗಿ, ಸತ್ತ ಮೀನು. ಮೂರಕ್ಕೂ ‘ಸತ್ತ’ ಒಂದೇ. ಅಲ್ಲಿ ಕನ್ನಡವೂ ಬಾಯಿ ಮುಚ್ಚಿಕೊಂಡಿರುತ್ತದೆ.

ಹೊಸ ರೂಪ ಹೀಗಾಯಿತು: ‘ಮುಚ್ಚಿದ ಬಾಗಿಲು. ತೆರೆದ ಕಿಟಕಿ, ಜೋರು ಗಾಳಿ. ನೆಲದ ಮೇಲೆ ಒಡೆದ ಗಾಜು, ನೀರು. ಪಕ್ಕದಲ್ಲೇ ಸತ್ತು ಬಿದ್ದ ದಮಯಂತಿ. ಮೈಮೇಲೆ ಒಂದು ಗಾಯವೂ ಇಲ್ಲ. ಏನಾಯ್ತು?’

ಸಂಜೆ ಊರಿನ ಅಕ್ಕತಂಗಿಯರಿಬ್ಬರು ಹಾಲು ಕೊಡಲು ಬಂದವರು ಮಳೆ ನಿಲ್ಲಲಿ ಅಂತ ಕೂತರು. ಅಕ್ಕ ಎಂಟನೇ ಕ್ಲಾಸು, ತಂಗಿ ಆರನೆಯದು. ಅವರ ಮುಂದೆ ಇಟ್ಟೆವು.

‘ಯಾರಾದ್ರೂ ಕೊಂದ್ರಾ?’ ಇಲ್ಲ. ‘ಗಾಜು ಚುಚ್ಚಿತ್ತಾ?’ ಇಲ್ಲ. ‘ನೀರಲ್ಲಿ ವಿಷ ಇತ್ತಾ?’ ಇಲ್ಲ. ಇಲ್ಲಿಯವರೆಗೆ ತೊಂದರೆ ಇಲ್ಲ. ಆಮೇಲೆ ಅಕ್ಕ ಕೇಳಿದಳು: ‘ಅವಳು ಜಾರಿ ಬಿದ್ದಳಾ?’

ಈಗ ನಾನು ಏನು ಹೇಳಬೇಕು? ‘ಇಲ್ಲ’ ಅಂದರೆ ಅವಳು ಜಾರಲಿಲ್ಲ, ಬೇರೇನೋ ಆಯಿತು ಅಂತಾಗುತ್ತದೆ. ‘ಅವಳು’ ಅನ್ನೋದು ಹಾಗೇ ಗಟ್ಟಿಯಾಗಿ ಕೂರುತ್ತದೆ. ಹಿಂದಿನ ರಾತ್ರಿ ಇಂಥ ಎಷ್ಟೋ ಪ್ರಶ್ನೆಗೆ ಸಲೀಸಾಗಿ ‘ಇಲ್ಲ’ ಅಂದಿದ್ದೆ. ಒಂದೊಂದು ‘ಇಲ್ಲ’ವೂ ಮಕ್ಕಳ ಊಹೆಗೆ ಒಂದೊಂದು ಮೊಳೆ ಹೊಡೆದ ಹಾಗೆ ಆಗಿತ್ತು. ‘ಸಂಬಂಧ ಇಲ್ಲ’ ಅನ್ನೋದೂ ಸುಳ್ಳೇ, ಯಾಕೆಂದರೆ ಬಿದ್ದದ್ದು ನಿಜ. ಮೂರು ಉತ್ತರ ಸಾಲಲಿಲ್ಲ. ಅದಕ್ಕೇ ಸುಮಾ, ನಾನು ನಾಲ್ಕನೆಯದೊಂದು ಮಾಡಿಟ್ಟುಕೊಂಡಿದ್ದೆವು: ‘ಪ್ರಶ್ನೆಯೊಳಗೇ ಏನೋ ಸೇರಿಕೊಂಡಿದೆ.’ ಅದನ್ನು ಹೇಳಿದೆ.

ಅಕ್ಕ ಪ್ರಶ್ನೆ ಬದಲಾಯಿಸಿದಳು. ‘ಹಾಗಾದ್ರೆ ಅವಳು ಕಾಯಿಲೆಯಿಂದ ಸತ್ತಳಾ?’ ಅದೇ ಉತ್ತರ ಕೊಟ್ಟೆ. ‘ಅವಳು ಒಬ್ಬಳೇ ಇದ್ದಳಾ?’ ಮತ್ತೆ ಅದೇ. ಅಕ್ಕನಿಗೆ ರೇಗಿತು. ಜಾರಿದ್ದು ಬೇಡ, ಕಾಯಿಲೆ ಬೇಡ, ಒಂಟಿತನ ಬೇಡ. ಅವಳು ಪ್ರತಿ ಸಲ ಪ್ರಶ್ನೆಯ ನಡುವಿನ ಭಾಗ ಬದಲಾಯಿಸುತ್ತಿದ್ದಳು. ಎರಡು ತುದಿ ಹಾಗೇ ಉಳಿಯುತ್ತಿತ್ತು.

ಈ ಘಟ್ಟದಲ್ಲಿ ಬಾಯಿ ಬಿಡದೆ ಕೂರುವುದು ಕಷ್ಟ. ‘ಅವಳು ಅಂತ ಯಾರು ಹೇಳಿದ್ರು?’ ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು. ಸುಮಾ ನನ್ನ ಮೊಣಕೈ ತಿವಿದಳು.

ತಂಗಿ ಅಲ್ಲಿಯವರೆಗೆ ಹಾಲಿನ ಕ್ಯಾನಿನ ಮುಚ್ಚಳ ತಿರುಗಿಸುತ್ತಾ ಕೂತಿದ್ದಳು. ‘ದಮಯಂತಿ ಎಲ್ಲಿಂದ ಬಿದ್ದ...’ ಅಂತ ಶುರು ಮಾಡಿ ನಿಂತುಬಿಟ್ಟಳು. ಬಾಯಿ ತೆರೆದೇ ಇತ್ತು. ‘ಳು’ ಹೊರಗೆ ಬರಲಿಲ್ಲ. ಅಕ್ಕನ ಕಡೆ ತಿರುಗಿ, ‘ಳು ಅಂತ ನಾವೇ ಹೇಳ್ತಿದೀವಿ. ಸರ್ ಒಂದ್ಸಲನೂ ಹೇಳಿಲ್ಲ’ ಅಂದಳು.

ಆಮೇಲೆ ಮೂರೇ ಪ್ರಶ್ನೆ. ‘ದಮಯಂತಿ ಮನುಷ್ಯರಾ?’ ಇಲ್ಲ. ‘ಗಾಜಿನ ಪಾತ್ರೆಯಲ್ಲಿ ನೀರಿತ್ತಾ?’ ಹೌದು. ‘ದಮಯಂತಿನೂ ಅದರಲ್ಲೇ ಇತ್ತಾ?’ ಹೌದು ಅನ್ನೋಷ್ಟರಲ್ಲಿ ಇಬ್ಬರೂ ಕೂಗಿದರು.

ಹಿಂದಿನ ರಾತ್ರಿ ನಾನು ‘ಊಹೆ ಬಿಟ್ಟು ಯೋಚಿಸಿ’ ಅಂದದ್ದು ಯಾಕೆ ಕೆಲಸ ಮಾಡಲಿಲ್ಲ ಅನ್ನೋದು ಆಗ ಹೊಳೆಯಿತು. ಒಂಬತ್ತು ಚುಕ್ಕಿಯ ಪ್ರಸಿದ್ಧ ಸಮಸ್ಯೆ ಇದೆಯಲ್ಲ, ಮೂರು ಸಾಲು ಚುಕ್ಕಿಗಳನ್ನು ಕೈ ಎತ್ತದೆ ನಾಲ್ಕು ನೇರ ಗೆರೆಯಲ್ಲಿ ಸೇರಿಸುವುದು. ಗೆರೆ ಚೌಕದ ಆಚೆ ಹೋಗಬೇಕು ಅನ್ನೋದೇ ಅದರ ಗುಟ್ಟು ಅಂತ ಎಲ್ಲರೂ ಹೇಳುತ್ತಾರೆ. ವೈಸ್‌ಬರ್ಗ್ ಮತ್ತು ಆಲ್ಬಾ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1981ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ‘ಚೌಕದ ಆಚೆ ಹೋಗಬಹುದು’ ಅಂತ ಬಾಯಿ ಬಿಟ್ಟು ಹೇಳಿದ ಮೇಲೂ ಹೆಚ್ಚಿನವರಿಗೆ ಅದನ್ನು ಬಿಡಿಸಲಾಗಲಿಲ್ಲ. ಬೇಲಿ ಇಲ್ಲ ಅಂದರೆ ಸಾಲದು, ಎಲ್ಲಿ ಕಾಲಿಡಬೇಕು ಅಂತ ಗೊತ್ತಾಗಬೇಕು. ತಂಗಿಗೆ ಸಿಕ್ಕಿದ್ದು ಅಂಥ ಒಂದು ಜಾಗ. ತನ್ನದೇ ಪ್ರಶ್ನೆಯ ಕೊನೆಯ ಅಕ್ಷರ.

ಸುಮಾ ಅದನ್ನು ಒಂದು ಪದ್ಧತಿಯನ್ನೇ ಮಾಡಿಬಿಟ್ಟಳು. ಸಿಕ್ಕಿಹಾಕಿಕೊಂಡಾಗ ಕಥೆಯ ಬಗ್ಗೆ ಯೋಚಿಸೋದು ನಿಲ್ಲಿಸಬೇಕು. ಕೊನೆಯ ಮೂರು ಪ್ರಶ್ನೆಗಳನ್ನು ಒಂದರ ಕೆಳಗೆ ಒಂದು ಬರೆಯಬೇಕು. ಮೂರರಲ್ಲೂ ಇರುವ ಪದ ಯಾವುದು ನೋಡಿ, ‘ಇದನ್ನ ಕಥೆ ಹೇಳಿತಾ, ನಾನು ಹೇಳಿದ್ನಾ?’ ಅಂತ ಕೇಳಿಕೊಳ್ಳಬೇಕು. ಅವಳು ಅದನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಜಗುಲಿಯ ಕಂಬಕ್ಕೆ ಸಿಕ್ಕಿಸಿದ್ದಳು.

ಮರದ ಮೇಲಿದ್ದವರು

ಮೂರನೇ ದಿನ ಎಂಟೂ ಮಕ್ಕಳು ಸೇರಿದರು. ನನಗೆ ಈಗ ಹುಮ್ಮಸ್ಸು ಜಾಸ್ತಿ ಆಗಿತ್ತು. ಇನ್ನೊಂದು ಹಳೆಯ ಒಗಟು ನೆನಪಾಯಿತು. ಅಪಘಾತದಲ್ಲಿ ಅಪ್ಪ ಸಾಯುತ್ತಾನೆ, ಮಗನನ್ನು ಆಸ್ಪತ್ರೆಗೆ ತರುತ್ತಾರೆ. ಸರ್ಜನ್ ನೋಡಿ ‘ಇವನು ನನ್ನ ಮಗ, ನಾನು ಆಪರೇಷನ್ ಮಾಡಲಾರೆ’ ಅನ್ನುತ್ತಾರೆ. ಸರ್ಜನ್ ಅಂದರೆ ಗಂಡಸು ಅಂತ ನಾವೇ ಅಂದುಕೊಂಡಿರುತ್ತೇವೆ, ಅವರು ಹುಡುಗನ ತಾಯಿ. ಕನ್ನಡದಲ್ಲಿ ಇದಕ್ಕೆ ಒಂದು ಅನುಕೂಲವಿದೆ. ಗೌರವಕ್ಕೆ ‘ಅವರು, ಬಂದರು’ ಅನ್ನುತ್ತೇವಲ್ಲ, ಅದರಲ್ಲಿ ಗಂಡು ಹೆಣ್ಣು ಗೊತ್ತಾಗುವುದಿಲ್ಲ.

ಆಸ್ಪತ್ರೆ ಬಿಟ್ಟು ಅಡಿಕೆ ತೋಟಕ್ಕೆ ತಂದೆ. ‘ಅಡಿಕೆ ಮರದ ಮೇಲೆ ಕೊನೆ ತೆಗೆಯುವವರು ಒಬ್ಬರು. ಕೆಳಗೆ ಹಗ್ಗ ಹಿಡಿದ ಹುಡುಗ. ದಾರಿಯಲ್ಲಿ ಹೋಗುವವರೊಬ್ಬರು ‘ಅಪ್ಪ ಎಲ್ಲೋ ತಮ್ಮಾ?’ ಅಂತ ಕೇಳಿದರು. ‘ಅಪ್ಪ ತೀರಿಹೋಗಿ ಎರಡು ವರ್ಷ ಆಯ್ತು’ ಅಂದ ಹುಡುಗ. ಮರದ ಮೇಲಿಂದ ‘ನನ್ನ ಮಗ ಹೇಳಿದ್ದು ನಿಜ’ ಅಂತ ಮಾತು ಬಂತು. ಮರದ ಮೇಲಿದ್ದವರು ಯಾರು?’ ಅಡಿಕೆ ಗೊನೆ ಇಳಿಸುವವನಿಗೆ ಇಲ್ಲಿ ಹೇಳುವ ಕೊನೆಗೌಡ ಅನ್ನೋ ಪದವನ್ನು ಬೇಕೆಂದೇ ಬಳಸಲಿಲ್ಲ. ಅದು ಗಂಡಸಿನ ಪದ, ಬಳಸಿದ್ದರೆ ಮತ್ತೆ ಸುಳ್ಳು ಹೇಳಿದ ಹಾಗಾಗುತ್ತಿತ್ತು. ವಾಕ್ಯ ವಾಕ್ಯ ಸೋಸಿ ನೋಡಿದ್ದೆ. ಈ ಸಲ ಸುಮಾಳಿಗೂ ತಪ್ಪು ಸಿಗಲ್ಲ ಅಂತ ಧೈರ್ಯ ಇತ್ತು.

ಮಾಣಿ ಕೈ ಎತ್ತಿದ. ‘ಅವನ ದೊಡ್ಡಪ್ಪ.’

‘ಅಲ್ಲ’ ಅಂದೆ.

‘ಎಂತಕ್ಕೆ ಅಲ್ಲ? ದೊಡ್ಡಪ್ಪಂಗೆ ತಮ್ಮನ ಮಗ ಮಗನೇ ಅಲ್ದಾ?’ ಅವನು ಎದ್ದು ಹೋಗಿ ಕಂಬದ ಮೇಲಿನ ಹಾಳೆ ತೋರಿಸಿದ. ‘ದೊಡ್ಡಪ್ಪ ಅಲ್ಲ ಅಂತ ಕಥೆ ಹೇಳಿತಾ, ನೀವು ಹೇಳಿದ್ದಾ?’

ಎಲ್ಲರೂ ಹೋ ಅಂತ ನಕ್ಕರು. ನನ್ನದೇ ನಿಯಮಕ್ಕೆ ನಾನೇ ಸಿಕ್ಕಿಬಿದ್ದೆ. ನಮ್ಮಲ್ಲಿ ಅಪ್ಪನ ಅಣ್ಣನೂ ಒಂಥರಾ ಅಪ್ಪನೇ, ಪದದಲ್ಲೇ ಇದೆ. ಅವನು ತಮ್ಮನ ಮಗನನ್ನು ‘ನನ್ನ ಮಗ’ ಅಂದರೆ ಯಾರೂ ತಿರುಗಿ ನೋಡುವುದಿಲ್ಲ. ಇಂಗ್ಲಿಷಿನಲ್ಲಿ ಆ ಬಾಗಿಲು ಮುಚ್ಚಿರುತ್ತದೆ, ಇಲ್ಲಿ ಹಾರು ಹೊಡೆದಿದೆ. ‘ಅಜ್ಜ’, ‘ಚಿಕ್ಕಪ್ಪ’, ‘ಅಮ್ಮ ಇನ್ನೊಂದು ಮದುವೆ ಆಗಿರಬಹುದು’ ಎಲ್ಲ ಬಂತು. ಯಾವುದೂ ಕಥೆಯ ಒಂದು ಪದಕ್ಕೂ ವಿರುದ್ಧ ಹೋಗಲಿಲ್ಲ.

ಇಲ್ಲಿ ಎರಡು ದಾರಿ ಇತ್ತು. ‘ಸ್ವಂತ ಮಗ’ ಅಂತ ಈಗ ಸೇರಿಸಿ ನನ್ನ ಉತ್ತರ ಉಳಿಸಿಕೊಳ್ಳುವುದು ಒಂದು. ಆಟ ಶುರುವಾದ ಮೇಲೆ ಕಥೆ ತಿದ್ದಿದರೆ ಮೊದಲ ರಾತ್ರಿಯ ಮೋಸವೇ ಮತ್ತೆ. ಹಾಗಾಗಿ ಮಾಣಿಯ ಉತ್ತರ ಒಪ್ಪಿಕೊಂಡೆ. ಐದನೇ ಉತ್ತರವೊಂದು ಹುಟ್ಟಿತು: ‘ಕಥೆಗೆ ಒಪ್ಪುತ್ತೆ, ನನ್ನ ತಲೆಯಲ್ಲಿರೋದು ಅದಲ್ಲ.’ ಆಮೇಲೆ, ‘ಇನ್ನೊಂದು ಉತ್ತರ ಇದೆ, ಹುಡುಕಿ’ ಅಂದೆ.

ಆಗ ನಡೆದದ್ದನ್ನು ನಾನು ಬಹಳ ಸಲ ಮೆಲುಕು ಹಾಕಿದ್ದೇನೆ. ದೊಡ್ಡಪ್ಪ, ಚಿಕ್ಕಪ್ಪ, ಅಜ್ಜ, ಮಲತಂದೆ, ಮಾವ. ಐದು ಉತ್ತರ, ಐದೂ ಗಂಡಸರು. ಸರಿಯುತ್ತರ ಸಿಕ್ಕಿತ್ತು, ಆದರೆ ನಾನು ಇಟ್ಟಿದ್ದ ಬಲೆಯಿಂದ ಯಾರೂ ಹೊರಗೆ ಬಂದಿರಲಿಲ್ಲ. ನಾನು ‘ದೊಡ್ಡಪ್ಪ’ ಒಪ್ಪಿಕೊಂಡು ಮುಂದಿನ ಒಗಟಿಗೆ ಹೋಗಿದ್ದರೆ ಮರ ಹತ್ತಿದವರು ಗಂಡಸು ಅನ್ನೋದನ್ನು ಯಾರೂ ಮುಟ್ಟಿಯೂ ನೋಡುತ್ತಿರಲಿಲ್ಲ.

ಸುಮಾ ಹಾಳೆ ನೋಡಿ ಎಲ್ಲರ ಉತ್ತರಗಳನ್ನು ಒಂದರ ಕೆಳಗೆ ಒಂದು ಹೇಳಿದಳು. ಹಾಲಿನ ಹುಡುಗಿಯರಲ್ಲಿ ತಂಗಿ ಥಟ್ಟನೆ ‘ಅಮ್ಮ!’ ಅಂದಳು. ರವಿ ‘ಅಡಿಕೆ ಮರ ಹೆಂಗಸರು ಎಲ್ಲಿ ಹತ್ತುತ್ತಾರೆ?’ ಅಂದ. ಈಗ ಕೂತು ಮರ ಏರುವ ಯಂತ್ರ ಬಂದಿದೆ, ತರಬೇತಿ ಪಡೆದು ಹತ್ತುವ ಹೆಂಗಸರೂ ಇದ್ದಾರೆ ಅಂತ ಸ್ನೇಹಿತ ಒಳಗಿನಿಂದಲೇ ಕೂಗಿ ಹೇಳಿದ. ರವಿ ಪೂರ್ತಿ ಒಪ್ಪಲಿಲ್ಲ. ಒಪ್ಪಿಸಲು ನಾನೂ ಹೋಗಲಿಲ್ಲ.

ಆಟ ಕೆಟ್ಟದ್ದೂ ಇದೆ

ಎಲ್ಲವೂ ಚೆನ್ನಾಗಿ ನಡೆಯಿತು ಅಂತ ಬರೆದರೆ ಅದೂ ಒಂದು ಮೋಸ. ಆ ಹಾಳೆ ಕಂಬಕ್ಕೆ ಬಿದ್ದ ಮೇಲೆ ಶಿವಮೊಗ್ಗದ ಚಿಕ್ಕ ಹುಡುಗನೊಬ್ಬ ಎಲ್ಲವನ್ನೂ ಕೇಳಲು ಶುರು ಮಾಡಿದ. ‘ಮರ ನಿಜವಾದ ಮರವಾ? ಹುಡುಗ ಗೊಂಬೆಯಾ? ಇದೆಲ್ಲ ಕನಸಾ?’ ಅರ್ಧ ಗಂಟೆ ಅದರಲ್ಲೇ ಹೋಯಿತು, ಉಳಿದವರು ಎದ್ದು ಹೋಗುವ ಹಾಗಾಯಿತು. ಕಥೆ ಹೇಳದೆ ಬಿಟ್ಟದ್ದು ಸಾವಿರ ಇರುತ್ತದೆ. ಎಲ್ಲವನ್ನೂ ಅಲ್ಲಾಡಿಸುತ್ತಾ ಕೂತರೆ ಕಥೆಯೇ ಉಳಿಯುವುದಿಲ್ಲ.

ಅದಕ್ಕೆ ಒಂದು ಕಡಿವಾಣ ಹಾಕಿದೆವು. ಊಹೆಯನ್ನು ಉಲ್ಟಾ ಮಾಡಿ ನೋಡು. ಹಾಗೆ ಮಾಡಿದಾಗ ಕಥೆಯಲ್ಲಿ ವಿಚಿತ್ರ ಅನ್ನಿಸಿದ್ದು ಮಾಯವಾಗುತ್ತದಾ? ದಮಯಂತಿ ಮನುಷ್ಯರಲ್ಲ ಅಂದರೆ ಗಾಜು, ನೀರು, ಗಾಯವಿಲ್ಲದ ಸಾವು ಮೂರೂ ಒಟ್ಟಿಗೆ ಸರಿಹೋಗುತ್ತವೆ. ಮರ ನಿಜವಾದ ಮರ ಅಲ್ಲ ಅಂದರೆ ಏನೂ ಸರಿಹೋಗುವುದಿಲ್ಲ, ಇನ್ನಷ್ಟು ವಿಚಿತ್ರವಾಗುತ್ತದೆ. ಕನಸು ಅಂದರೆ ಎಲ್ಲವೂ ಸರಿಹೋಗುತ್ತದೆ, ಆದರೆ ಯಾವ ಕಥೆ ಹೇಳಿದರೂ ಸರಿಹೋಗುತ್ತದೆ. ಹಾಗಾಗಿ ಕನಸು ಅನ್ನೋದಕ್ಕೆ ನಿಷೇಧ ಬಿತ್ತು. ಚಿಕ್ಕವನಿಗೆ ಸ್ವಲ್ಪ ಬೇಜಾರಾಯಿತು. ನನಗೂ ಅವನ ಬಾಯಿ ಮುಚ್ಚಿಸಿದ ಹಾಗೆ ಅನ್ನಿಸಿತು, ಆದರೆ ಬೇರೆ ದಾರಿ ತೋಚಲಿಲ್ಲ.

ನಾಲ್ಕನೇ ಉತ್ತರದಲ್ಲೂ ಒಂದು ತೊಡಕಿದೆ. ‘ಪ್ರಶ್ನೆಯೊಳಗೇ ಏನೋ ಸೇರಿಕೊಂಡಿದೆ’ ಅನ್ನೋದು ದೊಡ್ಡ ಸುಳಿವು. ಅದು ಇಲ್ಲದಿದ್ದರೆ ಆ ಅಕ್ಕತಂಗಿಯರೂ ಮುಕ್ಕಾಲು ಗಂಟೆ ಕೂತಿರುತ್ತಿದ್ದರೋ ಏನೋ. ಅದನ್ನು ಬಳಸಿದಾಗ ಆಟ ಸುಲಭವಾಗುತ್ತದೆ. ಬಳಸದಿದ್ದರೆ ಹೇಳುವವನ ‘ಇಲ್ಲ’ ದಾರಿ ತಪ್ಪಿಸುತ್ತದೆ. ನಾನು ಸುಲಭದ ಕಡೆಗೇ ಇದ್ದೇನೆ. ಉಳಿದವರಿಗೆ ಬೇರೆ ಅನ್ನಿಸಬಹುದು.

ಮಾಣಿಯ ಒಗಟು

ಸಂಜೆ ಮಳೆ ಸ್ವಲ್ಪ ಹೊಳವಾಯಿತು. ಶಿವಮೊಗ್ಗದ ಬಸ್ಸು ಬರುತ್ತದೆ ಅಂತ ಫೋನ್ ಬಂತು. ಮಕ್ಕಳು ಚೀಲ ಕಟ್ಟುತ್ತಿದ್ದಾಗ ಮಾಣಿ ‘ನಂದೊಂದು ಇದ್ದು’ ಅಂದ. ಪೇಟೆಯ ಮಕ್ಕಳಿಗೆ ಅರ್ಥವಾಗಲಿ ಅಂತ ಪುಸ್ತಕದ ಕನ್ನಡದಲ್ಲಿ, ನಿಧಾನವಾಗಿ ಹೇಳಿದ:

‘ನಿನ್ನೆ ಸಾಗರದಿಂದ ನಮ್ಮನೆಗೆ ಬಂತು. ಕೈಕಾಲು ತೊಳೆದುಕೊಂಡು ಊಟ ಮಾಡಿತು. ಜಗುಲಿಯಲ್ಲಿ ಮಲಗಿತು. ಬೆಳಗ್ಗೆ ಎದ್ದು ಬಸ್ಸು ಹತ್ತಿ ಬ್ಯಾಂಕಿಗೆ ಹೋಯಿತು. ಯಾವುದು?’

‘ಬೆಕ್ಕಾ?’ ಇಲ್ಲ. ‘ನಾಯಿ?’ ಇಲ್ಲ. ‘ಬಸ್ಸಲ್ಲಿ ಯಾರಾದ್ರೂ ಎತ್ತಿಕೊಂಡು ಹೋದ್ರಾ?’ ಇಲ್ಲ. ‘ಅದಕ್ಕೆ ಬಾಲ ಇದೆಯಾ?’ ಮಾಣಿ ಕಷ್ಟಪಟ್ಟು ನಗು ತಡೆದುಕೊಂಡು, ‘ಪ್ರಶ್ನೆಯೊಳಗೇ ಎಂತದೋ ಸೇರ್ಕಂಡಿದ್ದು’ ಅಂದ.

ಒಳಗೆ ಅಡಿಕೆ ಸುಲಿಯುತ್ತಿದ್ದ ಅವನ ಅಜ್ಜಿ ಇದನ್ನೆಲ್ಲ ಕೇಳಿಸಿಕೊಂಡು ಬಾಗಿಲಿಗೆ ಬಂದರು. ‘ಮಂಜುಳಾ ಅಲ್ದನಾ ಮಾಣಿ, ನಿನ್ನ ಅಕ್ಕ? ಇದ್ರಲ್ಲಿ ಒಗಟು ಎಂತ ಇದ್ದು?’ ಅಂದರು.